ಹಿರಿಯಡ್ಕದ ಜಾಗದ ಹಕ್ಕು ಬಿಡುಗಡೆ ಪತ್ರ: ಮನೆಯವರಿಗಾಗಿ ಸಾರಾಂಶ

ಸುಧಾಕರ ಮಾವ, ಮೋಹನ ಮಾವ, ಶಾಲಿನಿ ಚಿಕ್ಕಮ್ಮ, ಪುಷ್ಪಾ ಚಿಕ್ಕಮ್ಮ, ಅಮ್ಮ, ಐವರೂ ಓದಲೆಂದು ಇದನ್ನು ಬರೆದಿದ್ದೇನೆ. ಪತ್ರ 2025ರ ನವೆಂಬರ್ 12ರಂದು ಉಡುಪಿಯಲ್ಲಿ ನೋಂದಣಿಯಾಗಿದೆ.

ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಜಾಗ ಒಟ್ಟು 78 ಸೆಂಟ್ಸ್, ಅದರಲ್ಲಿ ಹಂಚಿನ ಮನೆ. ಅಜ್ಜ ವೀಲುನಾಮೆ ಬರೆದಿರಲಿಲ್ಲ. ಅಜ್ಜಿಯೂ ತೀರಿಹೋದ ಮೇಲೆ ಐವರು ಮಕ್ಕಳಿಗೂ ಸಮಪಾಲು. ನಾಗಬನದ 3 ಸೆಂಟ್ಸನ್ನು ಪತ್ರದಿಂದ ಹೊರಗಿಟ್ಟಿದ್ದಾರೆ, ಅದು ಐವರದ್ದೇ. ಉಳಿದ 75ರಲ್ಲಿ ಒಬ್ಬೊಬ್ಬರ ಪಾಲು 15 ಸೆಂಟ್ಸ್‌ನಷ್ಟು.

ಬಿಟ್ಟುಕೊಟ್ಟವರು ಮೂವರು, ಪಡೆದವರು ಮೋಹನ ಮಾವ ಒಬ್ಬರೇ. ಸುಧಾಕರ ಮಾವ ಹಣ ಪಡೆಯದೆ, ಯಾವ ಷರತ್ತೂ ಹಾಕದೆ ಪೂರ್ತಿ ಪಾಲು ಬಿಟ್ಟಿದ್ದಾರೆ. ಅಮ್ಮನೂ ಹಣ ಪಡೆದಿಲ್ಲ. ಆದರೆ ಹಳೆ ಮನೆಯ ತೆಂಕು ಕೋಣೆಯಲ್ಲಿ ಬದುಕಿರುವವರೆಗೆ ಯಾವಾಗ ಬೇಕಾದರೂ ಬಂದು ಇರುವ ಹಕ್ಕನ್ನು ಬರೆಸಿಕೊಂಡಿದ್ದಾರೆ. ಆ ಹಕ್ಕು ಅಮ್ಮನಿಗೆ ಮಾತ್ರ, ನಮಗೆ ಮಕ್ಕಳಿಗಿಲ್ಲ.

ಶಾಲಿನಿ ಚಿಕ್ಕಮ್ಮನ ವಿಷಯ ಸ್ವಲ್ಪ ಗಮನವಿಟ್ಟು ಓದಬೇಕು. ಅವರ ಪಾಲಿಗೆ 6 ಲಕ್ಷ ರೂಪಾಯಿ ಮಾತಾಗಿದೆ. 4 ಲಕ್ಷ ಚೆಕ್ಕಿನಲ್ಲಿ ಬಂದಿದೆ ಎಂದು ಅವರೇ ಒಪ್ಪಿ ಸಹಿ ಹಾಕಿದ್ದಾರೆ. ಬಾಕಿ 2 ಲಕ್ಷಕ್ಕೆ 2026ರ ಮಾರ್ಚ್ 31ರ ಗಡುವು. ಗಡುವು ದಾಟಿದರೆ ಹಣ ವಸೂಲಿ ಮಾಡಬಹುದು, ಪಾಲು ಮಾತ್ರ ವಾಪಸು ಬರುವುದಿಲ್ಲ ಎಂದು ಪತ್ರದಲ್ಲಿ ಸ್ಪಷ್ಟವಾಗಿದೆ. ಚಿಕ್ಕಮ್ಮ, “ದುಡ್ಡು ಬರದಿದ್ದರೆ ಜಾಗ ನಮ್ಮದೇ ಅಲ್ವಾ” ಎಂದು ಕೇಳಿದ್ದಿರಿ. ಅಲ್ಲ. ನನ್ನನ್ನು ಕೇಳಿದ್ದರೆ ಪೂರ್ತಿ ಹಣ ಬಂದ ಮೇಲೆ ಸಹಿ ಹಾಕಿ ಎನ್ನುತ್ತಿದ್ದೆ.

ಪುಷ್ಪಾ ಚಿಕ್ಕಮ್ಮ ಏನನ್ನೂ ಬಿಟ್ಟಿಲ್ಲ, ಸಹಿಯೂ ಹಾಕಿಲ್ಲ. ಹಾಗಾಗಿ ಈಗ 75 ಸೆಂಟ್ಸ್‌ನಲ್ಲಿ ಮೋಹನ ಮಾವನಿಗೆ ಐದರಲ್ಲಿ ನಾಲ್ಕು, ಪುಷ್ಪಾ ಚಿಕ್ಕಮ್ಮನಿಗೆ ಐದರಲ್ಲಿ ಒಂದು. ಗಡಿ ಹಾಕಿ ಪಾಲು ಮಾಡಿಲ್ಲ. ರಸ್ತೆ ಬದಿಯ 15 ಸೆಂಟ್ಸ್ ತನ್ನದು ಎಂದು ಸದ್ಯ ಯಾರೂ ಹೇಳುವ ಹಾಗಿಲ್ಲ.

ಮೋಹನ ಮಾವನೂ ಮೂರು ಮಾತು ಒಪ್ಪಿದ್ದಾರೆ. ನಾಗಬನಕ್ಕೆ ಹೋಗುವ ದಾರಿ ಮುಚ್ಚಬಾರದು, ವರ್ಷದ ತಂಬಿಲಕ್ಕೆ ಎಲ್ಲರಿಗೂ ಬರಲು ಬಿಡಬೇಕು. ಮನೆ ಮೇಲಿನ ಸೊಸೈಟಿ ಸಾಲ ಅವರೇ ತೀರಿಸಬೇಕು. ಜಾಗ ಮಾರುವುದಾದರೆ ಮೊದಲು ಒಡಹುಟ್ಟಿದವರನ್ನು ಕೇಳಬೇಕು. ಆದರೆ ಎಷ್ಟು ದಿನ ಕಾಯಬೇಕು, ಯಾವ ರೇಟಿಗೆ ಕೊಡಬೇಕು ಎಂದು ಬರೆದಿಲ್ಲ. ಮುಂದೆ ಜಗಳವಾದರೆ ಇಲ್ಲೇ ಆಗಬಹುದು.

ಮಲ್ಪೆಯ 6 ಸೆಂಟ್ಸ್ ಸೈಟು ಈ ಪತ್ರದಲ್ಲಿಲ್ಲ, ಅದರಲ್ಲಿ ಐವರ ಹಕ್ಕೂ ಹಾಗೆಯೇ ಇದೆ. ಹಿರಿಯಡ್ಕದ ಜಾಗದ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ. ಮ್ಯುಟೇಶನ್ ಆಗುವಾಗ ಮೋಹನ ಮಾವನ ಜೊತೆ ಪುಷ್ಪಾ ಚಿಕ್ಕಮ್ಮನ ಹೆಸರೂ ಬಂದಿದೆಯೇ, ನಾಗಬನಕ್ಕೆ ಐವರ ಹೆಸರೂ ಸೇರಿದೆಯೇ ಎಂದು ನೋಡಿಕೊಳ್ಳಿ.