ಚಿಲ್ಲರ್ ಬದಲಾವಣೆ: ಉಳಿತಾಯದ ಅಳತೆ ಮತ್ತು ಪರಿಶೀಲನೆ ಯೋಜನೆ (ವೈಟ್‌ಫೀಲ್ಡ್ ಕಚೇರಿ ಕಟ್ಟಡ, ಬೆಂಗಳೂರು)

ಕೆಲಸ ಏನು

ನೆಲಮಾಳಿಗೆಯ ಪ್ಲಾಂಟಿನಲ್ಲಿ 300 ಟನ್ನಿನ ಎರಡು ಹಳೆಯ ಸ್ಕ್ರೂ ಚಿಲ್ಲರ್‌ಗಳಿವೆ. ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಓಡುವುದನ್ನು ತೆಗೆದು ಮೋಟರಿನ ವೇಗವನ್ನು ಹೊರೆಗೆ ತಕ್ಕಂತೆ ಬದಲಿಸುವ ವಿಎಫ್‌ಡಿ ಇರುವ ಸೆಂಟ್ರಿಫ್ಯೂಗಲ್ ಚಿಲ್ಲರ್ ಕೂರಿಸುತ್ತೇವೆ. ಕಂಡೆನ್ಸರ್ ಪಂಪು ಮತ್ತು ಕೂಲಿಂಗ್ ಟವರ್ ಫ್ಯಾನುಗಳಿಗೂ ವಿಎಫ್‌ಡಿ ಬರುತ್ತದೆ. ಅಂದಾಜು ಉಳಿತಾಯ 30%.

ವಿಧಾನ ಉಳಿತಾಯ ಅಳೆಯುವ ಅಂತರರಾಷ್ಟ್ರೀಯ ಪದ್ಧತಿ ಐಪಿಎಂವಿಪಿಯ ಆಯ್ಕೆ ಬಿ, ಅಂದರೆ ಬದಲಾಯಿಸಿದ ಭಾಗದ ಬಳಕೆಯನ್ನಷ್ಟೇ ಪೂರ್ತಿ ಅಳೆಯುವುದು. ಚಿಲ್ಲರ್, ಪಂಪು, ಟವರ್ ಎಲ್ಲ ಗಡಿಯೊಳಗೆ, ಮಹಡಿಗಳಿಗೆ ತಂಪು ಗಾಳಿ ಊದುವ ಎಎಚ್‌ಯುಗಳು ಹೊರಗೆ. ಪ್ಲಾಂಟ್ ಪ್ಯಾನಲ್‌ನ ಮೀಟರ್ ಚೇಂಜ್‌ಓವರ್‌ನ ನಂತರ ಇರುವುದರಿಂದ ಬೆಸ್ಕಾಂ ಕರೆಂಟ್, ಜನರೇಟರ್ ಎರಡೂ ಅದರಲ್ಲೇ ಬರುತ್ತವೆ.

ಉಳಿತಾಯವನ್ನು ಕರೆಂಟ್ ಮೀಟರಿನಿಂದಲೇ ಲೆಕ್ಕ ಹಾಕುತ್ತೇವೆ, ಟನ್ ಲೆಕ್ಕದಿಂದ ಅಲ್ಲ. ತಣ್ಣೀರು ಹೋಗುವ-ಬರುವ ತಾಪದ ವ್ಯತ್ಯಾಸ ಸುಮಾರು 5 ಡಿಗ್ರಿ. ಅದರಲ್ಲಿ 0.1 ಡಿಗ್ರಿ ತಪ್ಪಾದರೂ 2% ಹೋಯಿತು, ಫ್ಲೋ ಮೀಟರಿನ ತಪ್ಪು ಬೇರೆ. ಚಿಲ್ಲರ್ ಕೊಟ್ಟ ತಂಪನ್ನು ಅಳೆಯುವ ಬಿಟಿಯು ಮೀಟರ್ ಇರುತ್ತದೆ, ಆದರೆ ಚಿಲ್ಲರಿನ ಆರೋಗ್ಯ ನೋಡಲು ಮಾತ್ರ.

ಬೇಸ್‌ಲೈನ್

ಅವಧಿ 1 ಏಪ್ರಿಲ್ 2024ರಿಂದ 31 ಮಾರ್ಚ್ 2025. ರಜಾದಿನ ಪ್ಲಾಂಟ್ ಬಂದ್. ಕೆಲಸದ ದಿನಗಳು 248. ಮೀಟರ್ ಸಂಪರ್ಕ ಕಡಿದ 6 ದಿನ ಬಿಟ್ಟರೆ 242. ಬಿಟ್ಟುಹೋದ ದಿನಕ್ಕೆ ಸರಾಸರಿ ತುಂಬುವುದಿಲ್ಲ.

```
E = 1150 + 165 × (T − 18) + 0.62 × N
```

E ದಿನದ ಯೂನಿಟ್, T ದಿನದ ಸರಾಸರಿ ತಾಪಮಾನ (ಸೆಲ್ಸಿಯಸ್), N ಆಕ್ಸೆಸ್ ಕಾರ್ಡ್ ಒತ್ತಿದ ಜನ. ತಾಪಮಾನ ಹವಾಮಾನ ಇಲಾಖೆಯ ಎಚ್‌ಎಎಲ್ ಕೇಂದ್ರದ್ದು. ನಮ್ಮ ತಾರಸಿಯ ಸೆನ್ಸರ್ ಟವರಿನ ಹಬೆಯಲ್ಲೇ ನಿಂತಿದೆ, ಅದನ್ನು ನಂಬುವ ಹಾಗಿಲ್ಲ.

ದಿನದ ಸರಾಸರಿ 3,070 ಯೂನಿಟ್. ಆರ್-ಸ್ಕ್ವೇರ್ 0.82. ತಾಪಮಾನದ ಟಿ ಮೌಲ್ಯ 26, ಜನರದ್ದು 20. ಸ್ಟ್ಯಾಂಡರ್ಡ್ ಎರರ್ 215 ಯೂನಿಟ್, ಅಂದರೆ ಸರಾಸರಿಯ 7%. ಬಯಾಸ್ ಸೊನ್ನೆ, ಇಂಟರ್‌ಸೆಪ್ಟ್ ಇರುವ ರಿಗ್ರೆಶನ್‌ನಲ್ಲಿ ಅದು ತಾನಾಗಿಯೇ ಸೊನ್ನೆ, ಸಾಧನೆ ಅಂತ ತೋರಿಸಬೇಕಿಲ್ಲ. ತಾಪಮಾನ 19ರಿಂದ 30, ಜನ 600ರಿಂದ 2,300 — ಈ ವ್ಯಾಪ್ತಿಯ ಹೊರಗಿನ ದಿನಗಳನ್ನು ವರದಿಯಲ್ಲಿ ಬೇರೆ ಗುರುತು ಮಾಡಬೇಕು.

ಹೊಂದಾಣಿಕೆ

ವರದಿ ಅವಧಿ 1 ಆಗಸ್ಟ್ 2025ರಿಂದ 31 ಜುಲೈ 2026. ಆಗಿನ T ಮತ್ತು N ಅನ್ನು ಮೇಲಿನ ಸೂತ್ರಕ್ಕೆ ಹಾಕಿದರೆ ಹಳೆಯ ಪ್ಲಾಂಟ್ ಎಷ್ಟು ಎಳೆಯುತ್ತಿತ್ತು ಅಂತ ಸಿಗುತ್ತದೆ. ಅದರಲ್ಲಿ ಅಳೆದ ಯೂನಿಟ್ ಕಳೆದರೆ ಉಳಿತಾಯ. ಬಿಸಿಲು ಜಾಸ್ತಿಯಾದರೂ ಜನ ಕಮ್ಮಿಯಾದರೂ ಲೆಕ್ಕ ತಾನೇ ಸರಿಹೋಗುತ್ತದೆ.

ಉಳಿದ ಬದಲಾವಣೆಗಳು ಹಾಗಲ್ಲ. ಒಂದು ಈಗಲೇ ಗೊತ್ತಿದೆ: ಏಳನೇ ಮಹಡಿಗೆ 40 ಕಿಲೋವ್ಯಾಟ್‌ನ ಸರ್ವರ್ ರೂಮ್ ಬರುತ್ತಿದೆ. ರಾತ್ರಿ ಅದರ ಸ್ವಂತ ಎಸಿ ಓಡುತ್ತದೆ, ಹಗಲು 12 ಗಂಟೆ ಚಿಲ್ಲರ್ ಮೇಲೆ ಹೊರೆ.

```
40 × 12 ÷ 3.517 × 0.95 ≈ 130 ಯೂನಿಟ್/ದಿನ
```

ಇದನ್ನು ಬೇಸ್‌ಲೈನಿಗೆ ಸೇರಿಸುತ್ತೇವೆ. 3.517 ಅಂದರೆ ಒಂದು ಟನ್ ತಂಪಿನ ಕಿಲೋವ್ಯಾಟ್. 0.95 ಅಂದರೆ ಹಳೆಯ ಪ್ಲಾಂಟ್ ಪ್ರತಿ ಟನ್ನಿಗೆ ತಿನ್ನುತ್ತಿದ್ದ ಕಿಲೋವ್ಯಾಟ್. ಹೊಸ ಚಿಲ್ಲರಿನ ಅಂಕಿ ಇಲ್ಲಿ ಹಾಕಬಾರದು, ಈ ಹೊರೆಯನ್ನೂ ಹಳೆಯದೇ ಹೊರಬೇಕಾಗಿತ್ತಲ್ವಾ? ನಿಜವಾದ ಹೊರೆಯನ್ನು ಯುಪಿಎಸ್ ಮೀಟರಿನಿಂದ ತಿಂಗಳಿಗೊಮ್ಮೆ ತೆಗೆದುಕೊಂಡು ಈ 40ನ್ನು ತಿದ್ದುತ್ತೇವೆ.

ಮಹಡಿ ಖಾಲಿಯಾದರೆ, ಕೆಲಸದ ಸಮಯ ಬದಲಾದರೆ ಮಾಲೀಕರ ಕಡೆಯವರು 15 ದಿನದೊಳಗೆ ಬರೆದು ತಿಳಿಸಬೇಕು. ದಿನಕ್ಕೆ 50 ಯೂನಿಟ್‌ಗಿಂತ ಕಮ್ಮಿ ಪರಿಣಾಮ ಇದ್ದರೆ ಹೊಂದಾಣಿಕೆ ಇಲ್ಲ; ಸುಮ್ನೆ ಜಗಳ.

ಅನಿಶ್ಚಿತತೆ

ಇಂದು ಸೆಕೆ ಇದ್ದರೆ ನಾಳೆಯೂ ಇರುತ್ತದೆ, ಹಾಗಾಗಿ ದಿನಗಳ ತಪ್ಪು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಈ ಡೇಟಾದಲ್ಲಿ ಆಟೋಕೋರಿಲೇಶನ್ 0.35. ಇದರಿಂದ 242 ದಿನಗಳ ನಿಜವಾದ ತೂಕ 116.5 ದಿನಕ್ಕೆ ಇಳಿಯುತ್ತದೆ. ಆಶ್ರೇ ಗೈಡ್‌ಲೈನ್ 14ರ ಸೂತ್ರದಂತೆ, 90% ವಿಶ್ವಾಸ ಮಟ್ಟದಲ್ಲಿ:

```
1.66 × 1.26 × (0.07/0.30) × √[(242/116.5) × (1 + 2/116.5) / 248] = 0.045
```

ಮಾದರಿಯಿಂದ 4.5%. ಮೀಟರ್, ಅದಕ್ಕೆ ಕರೆಂಟ್ ಇಳಿಸಿ ಕೊಡುವ ಸಿಟಿ ಎರಡೂ 0.5 ಕ್ಲಾಸ್, ಕೂಡಿದರೆ 0.71%. ಮೀಟರ್ ಅದೇ ಇದ್ದರೂ ಹೊಸ ಚಿಲ್ಲರ್ ಕಮ್ಮಿ ಕರೆಂಟ್ ಎಳೆಯುವಾಗ ಸಿಟಿಯ ತಪ್ಪು ಬೇರೆಯಾಗಬಹುದು. ಅದಕ್ಕೇ ಎರಡು ಅವಧಿಯ ತಪ್ಪನ್ನು ಬೇರೆ ಬೇರೆ ಅಂತಲೇ ಹಿಡಿದಿದ್ದೇವೆ: ಉಳಿತಾಯದ ಮೇಲೆ 2.9%. ಒಟ್ಟು 5.4%. ವರ್ಷದ ಉಳಿತಾಯ 2.28 ಲಕ್ಷ ಯೂನಿಟ್, ಹೆಚ್ಚುಕಮ್ಮಿ 12,300. ಒಪ್ಪಂದದ ಮಿತಿ 10%. ಉಳಿತಾಯ 15%ಕ್ಕೆ ಕುಸಿದರೆ ಈ ಶೇಕಡಾವಾರು ಸುಮಾರು ಎರಡು ಪಟ್ಟಾಗಿ ಮಿತಿ ದಾಟುತ್ತದೆ, ಎರಡೂ ಕಡೆಯವರಿಗೆ ಇದು ಮೊದಲೇ ಗೊತ್ತಿರಲಿ.

ವರದಿ ಮತ್ತು ಹಣ

ವರದಿ ಮೂರು ತಿಂಗಳಿಗೊಮ್ಮೆ, ಕಚ್ಚಾ ಡೇಟಾ ಜೊತೆಗೆ. ಯೂನಿಟ್ ದರ ಒಪ್ಪಂದದಂತೆ ₹7.50, ಬೆಸ್ಕಾಂ ದರ ಬದಲಾದರೂ ಇದು ಬದಲಾಗದು. ಹೊಸ ಚಿಲ್ಲರ್ ಕೆಟ್ಟು ಸ್ಟ್ಯಾಂಡ್‌ಬೈ ಓಡಿದ ದಿನಗಳೂ ಲೆಕ್ಕದಲ್ಲೇ ಇರುತ್ತವೆ. ಮಾಲೀಕರೇ ಹೊಸದನ್ನು ನಿಲ್ಲಿಸಿ ಹಳೆಯದನ್ನು ಓಡಿಸಲು ಹೇಳಿದ್ದರೆ, ಆ ದಿನಗಳನ್ನು ಮಾತ್ರ ಲಾಗ್‌ಬುಕ್ ಸಹಿಯ ಮೇಲೆ ಬಿಡಲಾಗುತ್ತದೆ.