ಚಂದ್ರನ ಪುಸ್ತಕ: 9, 14, 17ನೇ ಪುಟದ ಬಗ್ಗೆ ಒಂದು ಮಾತು

ಅಕ್ಕಾ, ನಮಸ್ಕಾರ.

ಹೋದ ಮಂಗಳವಾರ ನಿಮಗೆ ಮೇಲ್ ಕಳಿಸಿದ ಸಂಜೆ ಆಕಾಶದಲ್ಲಿ ಅರ್ಧ ಚಂದ್ರ ಇದ್ದ. ಇವತ್ತು ಹುಣ್ಣಿಮೆ. ಚಂದ್ರನ ಪುಸ್ತಕ ಮಾಡುತ್ತಾ ಕೂತವರಿಗೆ ದಿನ ಎಣಿಸಲು ಕ್ಯಾಲೆಂಡರ್ ಬೇಕಾಗುವುದಿಲ್ಲ ನೋಡಿ.

ಆ ಮೇಲ್ ನಿಮಗೆ ತಲುಪಿತೋ ಇಲ್ಲವೋ ಎಂದು ಕೇಳೋಣ ಅನ್ನಿಸಿತು. ಅದರ ಜೊತೆ ಇಡೀ ಪುಸ್ತಕದ ಫೈಲ್ ಲಗತ್ತಿಸಿದ್ದೆ, 38 ಎಂಬಿ ಇತ್ತು. ಅಷ್ಟು ಭಾರದ್ದು ಎಲ್ಲಾದರೂ ಸ್ಪ್ಯಾಮಿನಲ್ಲಿ ಬಿದ್ದಿರಲೂಬಹುದು. ತಲುಪಿದ್ದು ಓದಲು ಪುರುಸೊತ್ತಾಗದಿದ್ದರೆ ಅದೂ ಸರಿಯೇ. ನಿಮ್ಮ ಕೈಯಲ್ಲಿ ಬೇರೆ ಎರಡು ಕೆಲಸ ಇರುವುದು ನನಗೆ ಗೊತ್ತು.

ಸದ್ಯಕ್ಕೆ ಒಂದೇ ಸಾಲು ಸಾಕು ಅಕ್ಕಾ. "ನೋಡಿದೆ", "ಇನ್ನೂ ನೋಡಿಲ್ಲ", "ಮುಂದಿನ ವಾರ ಹೇಳ್ತೀನಿ", ಇದರಲ್ಲಿ ಯಾವುದಾದರೂ ಆದೀತು. ಅದು ಗೊತ್ತಾದರೆ ಈ ಕಡೆ ಕೆಲಸವನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದು ನನಗೆ ತಿಳಿಯುತ್ತದೆ.

ಇನ್ನು ಕೆಳಗಿರುವುದನ್ನು ಬಿಡುವಾದಾಗ ಓದಿದರೆ ಆಯಿತು.

ಹೋದ ವಾರದ ಮೇಲನ್ನು ನಿನ್ನೆ ರಾತ್ರಿ ನಾನೇ ಮತ್ತೆ ಓದಿದೆ. ನಿಮ್ಮ ಜಾಗದಲ್ಲಿ ಕೂತು ಓದಿದ ಹಾಗೆ. ಹನ್ನೊಂದು ಪ್ರಶ್ನೆ! ಒಂದರ ಮೇಲೊಂದು ಪೇರಿಸಿಟ್ಟಿದ್ದೆ. ನನಗೇ ಅಂಥದ್ದೊಂದು ಮೇಲ್ ಬಂದಿದ್ದರೆ "ನಾಳೆ ನೋಡೋಣ" ಅಂತ ಮುಚ್ಚಿಡುತ್ತಿದ್ದೆ, ಆ ನಾಳೆ ಬರುತ್ತಲೇ ಇರಲಿಲ್ಲ. ಅದರಲ್ಲಿ ಎಂಟು ಪ್ರಶ್ನೆ ನಿಮ್ಮನ್ನು ಕೇಳುವಂಥವೇ ಅಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ 29.53 ದಿನ ಅಂತ ಬರೆಯಬೇಕೋ, "ಸುಮಾರು ಇಪ್ಪತ್ತೊಂಬತ್ತೂವರೆ ದಿನ" ಅನ್ನಬೇಕೋ ಅಂತೆಲ್ಲ ಕೇಳಿದ್ದೆ. ಅದು ಬರೆಯುವವನ ತಲೆನೋವು, ಚಿತ್ರ ಬರೆಯುವವರದ್ದಲ್ಲ. ಎಂಟು ವರ್ಷದ ಮಕ್ಕಳಿಗೆ ಇಪ್ಪತ್ತೊಂಬತ್ತೂವರೆ ಸಾಕು, ಹಾಗೇ ಬರೆದು ಮುಗಿಸಿದೆ. ಉಳಿದ ಏಳನ್ನೂ ನಾನೇ ತೀರ್ಮಾನ ಮಾಡಿದ್ದೇನೆ. ಈಗ ಉಳಿದಿರುವುದು ಮೂರೇ. ಮೂರೂ ನಿಮ್ಮ ಚಿತ್ರಗಳದ್ದು, ಹಾಗಾಗಿ ನೀವೇ ಹೇಳಬೇಕು.

ಮೊದಲು 14ನೇ ಪುಟದ ಮಾತು. ಯಾಕೆಂದರೆ ಅಲ್ಲಿ ನನ್ನದೊಂದು ತಪ್ಪಿದೆ. "ನಕ್ಷತ್ರ ತಪ್ಪು, ತೆಗೆಯಿರಿ" ಎಂದಷ್ಟೇ ಬರೆದಿದ್ದೆ. ಬರೆಯುವಾಗ ಏನೂ ಅನ್ನಿಸಿರಲಿಲ್ಲ. ನಿನ್ನೆ ಓದಿದಾಗ ಮಾಸ್ತರು ಕೆಂಪು ಪೆನ್ನು ಹಿಡಿದ ಹಾಗೆ ಕಾಣಿಸಿತು. ಬೇಜಾರಾಗಿದ್ದರೆ ಕ್ಷಮಿಸಿ. ಆ ಪುಟದ ನೀಲಿ ಬಣ್ಣ ನನಗೆ ಎಷ್ಟು ಇಷ್ಟವಾಯಿತು ಅನ್ನುವುದನ್ನು ಹೇಳುವುದೇ ಮರೆತಿದ್ದೆ.

ವಿಷಯ ಇಷ್ಟೇ. ಬಿದಿಗೆ ಚಂದ್ರನ ಎರಡು ಕೊಂಬುಗಳ ನಡುವೆ ನೀವು ಒಂದು ನಕ್ಷತ್ರ ಇಟ್ಟಿದ್ದೀರಿ. ನೋಡಲು ಚೆಂದ. ಆದರೆ ಅಲ್ಲಿ ಬಯಲು ಆಕಾಶ ಇಲ್ಲ, ಚಂದ್ರನ ಉಳಿದ ಮೈಯೇ ಇದೆ. ಬಿಸಿಲು ಬೀಳದ ಭಾಗ ಅದು. ನಕ್ಷತ್ರ ಎಷ್ಟೋ ದೂರ ಹಿಂದಿರುವುದರಿಂದ ಚಂದ್ರನನ್ನು ತೂರಿಕೊಂಡು ಕಾಣಲು ಆಗುವುದಿಲ್ಲ. ಅದನ್ನು ಒಂದು ಬೆರಳಷ್ಟು ಆಚೆ, ಮೇಲಿನ ಕೊಂಬಿನ ಹೊರಗೆ ಸರಿಸಿದರೆ ಸಾಕು, ಚಿತ್ರದ ಅಂದವೂ ಕೆಡುವುದಿಲ್ಲ. ಕೊಂಬುಗಳ ನಡುವಿನ ಆ ಜಾಗಕ್ಕೆ ತೀರಾ ಮಸುಕಾದ ಬೂದು ಬಣ್ಣ ಒಂದು ಪದರ ಬಳಿಯಲು ಆಗುತ್ತದೆಯೇ? ಬಿದಿಗೆ ತದಿಗೆಯ ಹೊತ್ತಿಗೆ ಚಂದ್ರನ ಕತ್ತಲ ಭಾಗವೂ ಮಂಕಾಗಿ ಕಾಣುತ್ತದಲ್ವಾ, ಅದು ನಮ್ಮ ಭೂಮಿಗೆ ಬಿದ್ದು ತಿರುಗಿ ಹೋದ ಬಿಸಿಲು. ಅದನ್ನು ಚಿತ್ರದಲ್ಲೇ ತೋರಿಸಿದರೆ ನನ್ನ ಒಂದು ಪ್ಯಾರಾ ಪೂರ್ತಿ ಬೇಡವಾಗುತ್ತದೆ. ಅದನ್ನು ಸಂತೋಷವಾಗಿ ತೆಗೆದುಹಾಕುತ್ತೇನೆ.

ತಪ್ಪಿನ ಮಾತು ಬಂದಿದ್ದಕ್ಕೆ ಇನ್ನೊಂದು ನೆನಪಾಯಿತು. 11ನೇ ಪುಟದ ನನ್ನ ಮೊದಲ ಕರಡಿನಲ್ಲಿ ಚಂದ್ರ ಸವೆಯುವುದು ಭೂಮಿಯ ನೆರಳು ಬಿದ್ದು ಅಂತ ಬರೆದಿದ್ದೆ! ಅದು ಗ್ರಹಣದ ಕತೆ, ದಿನದಿನದ ಸವೆತದ್ದಲ್ಲ ಅಂತ ಹಿಡಿದವರು ನೀವೇ. ನೀವು ಅವತ್ತು ಅದನ್ನು ಎಷ್ಟು ಮೆತ್ತಗೆ ಹೇಳಿದಿರಿ. ನಾನು ಅದರಲ್ಲಿ ಅರ್ಧದಷ್ಟು ಮೆತ್ತಗೂ ಹೇಳಲಿಲ್ಲ.

ಎರಡನೆಯದು 9ನೇ ಪುಟ. ಇದು ನಿಜವಾಗಿ ಯೋಚಿಸಬೇಕಾದದ್ದು. ಈಗಿನ ರಫ್ ಚಿತ್ರದಲ್ಲಿ ಭೂಮಿ, ಚಂದ್ರ ಎರಡೂ ಅಕ್ಕಪಕ್ಕ ಕೂತ ಹಾಗಿವೆ. ಎಲ್ಲ ಪುಸ್ತಕಗಳಲ್ಲೂ ಹೀಗೇ ಇರುವುದರಿಂದ ದೊಡ್ಡವರಿಗೂ ಅವು ಹತ್ತಿರ ಇವೆ ಅನ್ನುವ ಕಲ್ಪನೆ ಉಳಿದುಬಿಟ್ಟಿದೆ. ನಡುವಿನ ದೂರ ಸರಾಸರಿ 3,84,400 ಕಿಲೋಮೀಟರ್. ಭೂಮಿಯ ಅಡ್ಡಗಲ ಸುಮಾರು 12,740. ಅಂದರೆ ಮಧ್ಯದಲ್ಲಿ ಹೆಚ್ಚುಕಡಿಮೆ ಮೂವತ್ತು ಭೂಮಿ ಸಾಲಾಗಿ ಇಡಬಹುದು. ಮೊನ್ನೆ ಸುಮ್ನೆ ಮಾಡಿ ನೋಡಿದೆ. ಕಾಗದದಲ್ಲಿ ಒಂದು ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ ಮೇಜಿನ ಮೇಲಿಟ್ಟೆ. ಚಂದ್ರ ಎರಡೂ ಮುಕ್ಕಾಲು ಮಿಲಿಮೀಟರ್ ಬರಬೇಕು, ಕತ್ತರಿಗೆ ಸಿಗಲಿಲ್ಲ, ಪೆನ್ನಿನಲ್ಲಿ ಚುಕ್ಕಿ ಇಟ್ಟೆ. ನಡುವೆ ಸ್ಕೇಲು ಇಟ್ಟು ಮೂವತ್ತು ಸೆಂಟಿಮೀಟರ್ ಅಳೆದೆ. ಪಕ್ಕದಲ್ಲಿದ್ದ ಮಗಳು "ಇಷ್ಟು ದೂರಾನಾ?" ಅಂದಳು. ಅದೇ ಮಾತು ಓದುವ ಪ್ರತಿ ಮಗುವಿನ ಬಾಯಲ್ಲೂ ಬರಬೇಕು ಅನ್ನುವುದು ನನ್ನ ಆಸೆ.

ನಮ್ಮ ಪುಟ 21 ಸೆಂಟಿಮೀಟರ್ ಅಗಲ. 8 ಮತ್ತು 9 ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿದರೆ 42 ಸಿಗುತ್ತದೆ, ಅಲ್ಲಿ ಇದು ಆರಾಮಾಗಿ ಕೂರುತ್ತದೆ. ಎಡಗಡೆ ಒಂದು ಸೆಂಟಿಮೀಟರ್ ಭೂಮಿ, ಬಲಗಡೆ ಒಂದು ಚುಕ್ಕಿ, ಉಳಿದದ್ದೆಲ್ಲ ಕಪ್ಪು. ನಡುವಿನ ಮಡಿಕೆಯಲ್ಲಿ ಏನೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಇಲ್ಲ. 8ನೇ ಪುಟದ ಬರಹವನ್ನು 7ಕ್ಕೆ ತಳ್ಳುತ್ತೇನೆ, ಜಾಗ ಇದೆ. ನೀವು ಇಷ್ಟಪಟ್ಟು ಬರೆದ ಭೂಮಿಯ ಮೋಡಗಳು ಆ ಅಳತೆಯಲ್ಲಿ ಕಾಣುವುದಿಲ್ಲ, ಅದೊಂದು ನಷ್ಟ ನಿಜ. ದೊಡ್ಡ ಭೂಮಿಯನ್ನು 4ನೇ ಪುಟಕ್ಕೆ ಒಯ್ಯಬಹುದೇನೋ. ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ ಹೇಳಿ. ಎರಡು ಪುಟ ತುಂಬ ಖಾಲಿ ಕಪ್ಪು ನಿಮಗೆ ಒಪ್ಪದಿದ್ದರೆ ನನ್ನ ಹಟ ಏನಿಲ್ಲ.

17ನೆಯದು ಚಿಕ್ಕದು. ಚಂದ್ರನ ಆ ಬದಿಯನ್ನು ಪೂರ್ತಿ ಕಪ್ಪು ಮಾಡಿದ್ದೀರಿ. ಅದಕ್ಕೆ ಕಾರಣ ನಾನು, "ಕತ್ತಲ ಬದಿ" ಅಂತ ಬರೆದುಕೊಟ್ಟಿದ್ದು ನಾನೇ. ಅದನ್ನು "ನಮಗೆ ಕಾಣದ ಬದಿ" ಅಂತ ತಿದ್ದಿದ್ದೇನೆ. ಅಲ್ಲಿಗೂ ಬಿಸಿಲು ಬೀಳುತ್ತದೆ, ನಮಗೆ ಅಮಾವಾಸ್ಯೆ ಆದ ದಿನ ಅಲ್ಲಿ ಪೂರ್ತಿ ಹಗಲು. 1959ರ ಅಕ್ಟೋಬರಿನಲ್ಲಿ ಸೋವಿಯತ್ ನೌಕೆ ಲೂನಾ 3 ಮೊದಲ ಸಲ ಅದರ ಫೋಟೋ ತೆಗೆಯಿತು. ಈ ಕಡೆ ಕಾಣುವ ದೊಡ್ಡ ದೊಡ್ಡ ಕಪ್ಪು ಮಚ್ಚೆಗಳು ಆ ಕಡೆ ಬಹಳ ಕಡಿಮೆ, ಕುಳಿಗಳೇ ಜಾಸ್ತಿ. ಈಗಿರುವ ಚಿತ್ರದ ಮೇಲೆಯೇ ತಿಳಿ ಮಾಡಲು ಬರುವುದಾದರೆ ನೋಡಿ. ಮೊದಲಿಂದ ಬರೆಯಬೇಕಾದರೆ ಬೇಡ. ಆ ಪುಟಕ್ಕೆ ಚಿತ್ರವೇ ಇಲ್ಲದೆ ಬರೀ ಬರಹ ಇಡುತ್ತೇನೆ, ಪುಸ್ತಕ ಏನೂ ಬಡವಾಗುವುದಿಲ್ಲ.

ತಾರೀಖಿನ ವಿಷಯ ಮುಚ್ಚಿಡುವುದು ಸರಿಯಲ್ಲ. ಪ್ರೆಸ್ಸಿನವರು 25ಕ್ಕೆ ಫೈಲು ಕೇಳಿದ್ದಾರೆ. ತಪ್ಪಿದರೆ ಏನಾಗುತ್ತದೆ ಅಂತ ನಿನ್ನೆ ಫೋನ್ ಮಾಡಿ ವಿಚಾರಿಸಿದೆ. ಮುಂದಿನ ಸರದಿ ಮೂರು ವಾರ ಬಿಟ್ಟು ಸಿಗುತ್ತದೆ, ದುಡ್ಡು ಜಾಸ್ತಿ ಏನೂ ಇಲ್ಲ ಅಂದರು. ಹಾಗಾಗಿ 25 ಆದರೆ ಒಳ್ಳೆಯದು, ಆಗದಿದ್ದರೆ ಆಕಾಶ ಏನೂ ಕಳಚಿ ಬೀಳುವುದಿಲ್ಲ. ಯಾವುದು ಅಂತ 19ರ ಬುಧವಾರದ ಒಳಗೆ ಅವರಿಗೆ ತಿಳಿಸಬೇಕು. ಅಷ್ಟರಲ್ಲಿ ನಿಮ್ಮಿಂದ ಏನೂ ಬರದಿದ್ದರೆ ನೀವು ಕೆಲಸದಲ್ಲಿದ್ದೀರಿ ಅಂದುಕೊಂಡು ಮುಂದಿನ ಸರದಿಯನ್ನೇ ಕೇಳಿಬಿಡುತ್ತೇನೆ. ನಿಮ್ಮ ಚಿತ್ರಗಳನ್ನು ನಿಮ್ಮನ್ನು ಕೇಳದೆ ಮುಟ್ಟುವುದಿಲ್ಲ. ಆ ನಕ್ಷತ್ರವನ್ನು ಕಂಪ್ಯೂಟರಿನಲ್ಲಿ ಒಂದು ನಿಮಿಷದಲ್ಲಿ ಸರಿಸಿಬಿಡಬಹುದು, ಆದರೂ ಸರಿಸುವುದಿಲ್ಲ.

ಬರೆಯುವುದಕ್ಕಿಂತ ಮಾತಾಡುವುದು ಸುಲಭ ಅನ್ನಿಸಿದರೆ ಸಂಜೆ ಆರರ ಮೇಲೆ ಯಾವತ್ತಾದರೂ ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಮೂರೂ ಮುಗಿಯುತ್ತವೆ. ನಾನಾಗಿ ಮಾಡುವುದಿಲ್ಲ, ಬಣ್ಣದ ಕೈಯಲ್ಲಿ ಫೋನ್ ಎತ್ತುವ ಕಷ್ಟ ನೀವೇ ಒಮ್ಮೆ ಹೇಳಿದ್ದಿರಿ. ಮನೆಯಲ್ಲಿ ಏನಾದರೂ ತಾಪತ್ರಯ ಇದ್ದರೆ, ಅಥವಾ ಈ ಪುಸ್ತಕವೇ ಸದ್ಯ ಹೊರೆ ಅನ್ನಿಸುತ್ತಿದ್ದರೆ, ಅದನ್ನೂ ಸಂಕೋಚವಿಲ್ಲದೆ ಹೇಳಿ. ಕಾರಣ ಹೇಳಲೇಬೇಕು ಅಂತಿಲ್ಲ. "ಆಮೇಲೆ" ಅಂದರೆ ನನಗೆ ಅರ್ಥವಾಗುತ್ತದೆ.

ಈ ಸಲ ಮೂರು ಪುಟ ಮಾತ್ರ ಲಗತ್ತಿಸಿದ್ದೇನೆ, 2 ಎಂಬಿ. ಫೋನಿನಲ್ಲೇ ತೆರೆಯುತ್ತದೆ.

ಇಂತಿ,
ಪುಸ್ತಕದ ಅರ್ಧ ಪಾಲುದಾರ

ಮರೆತಿದ್ದೆ: ಇವತ್ತು ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದ ಕಡೆ ಒಮ್ಮೆ ನೋಡಿ. ಹುಣ್ಣಿಮೆ ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ನಿಮ್ಮ 12ನೇ ಪುಟದಲ್ಲಿ ಮಾಳಿಗೆ ಮೇಲಿನ ಹುಡುಗಿಯ ಬೆನ್ನ ಹಿಂದೆ ಸೂರ್ಯ, ಎದುರಿಗೆ ಕೇಸರಿ ಬಣ್ಣದ ಚಂದ್ರ ಇದ್ದಾನಲ್ಲ, ಹಾಗೇ. ಆ ಪುಟದಲ್ಲಿ ನನಗೆ ಕೇಳಲು ಒಂದು ಪ್ರಶ್ನೆಯೂ ಸಿಗಲಿಲ್ಲ. ಪ್ರಿಂಟ್ ತೆಗೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ.