ವಿಜಯನಗರ ಕಾಲದ ಹಳ್ಳಿಯಾಡಳಿತ ಮತ್ತು ಭೂಕಂದಾಯ: ಹತ್ತು ಅಂಕದ ಪ್ರಶ್ನೆಗೆ ನೋಟ್ಸ್

ಬಿ.ಎ. ಇತಿಹಾಸ ವಿದ್ಯಾರ್ಥಿಗಳಿಗೆ, ಉಡುಪಿ

ಪ್ರಶ್ನೆ: ವಿಜಯನಗರ ಸಾಮ್ರಾಜ್ಯದ ಗ್ರಾಮಾಡಳಿತ ಮತ್ತು ಭೂಕಂದಾಯ ಪದ್ಧತಿಯನ್ನು ವಿವರಿಸಿ.

ಬರೆಯಲು ಕೂರುವ ಮೊದಲು ಒಂದು ಮಾತು. ಕಳೆದ ಸಲ ಉತ್ತರ ಪತ್ರಿಕೆಗಳಲ್ಲಿ ಹನ್ನೆರಡು ಆಯಗಾರರ ಹೆಸರು ಸಾಲಾಗಿ ಇತ್ತು, ಅವರ ಕೆಲಸ ಏನು, ಅವರಿಗೆ ಕೂಲಿ ಎಲ್ಲಿಂದ ಬರುತ್ತಿತ್ತು ಎಂಬುದು ಯಾರ ಉತ್ತರದಲ್ಲೂ ಇರಲಿಲ್ಲ. ಕಣದಲ್ಲಿ ಬಿದ್ದಿರುವ ಒಂದು ಭತ್ತದ ರಾಶಿಯನ್ನು ನೆನಪಿಟ್ಟುಕೊಳ್ಳಿ. ಆ ರಾಶಿ ಯಾರ್ಯಾರ ಮನೆಗೆ ಹೋಯಿತು ಎಂದು ಹೇಳುತ್ತಾ ಹೋದರೆ ಎರಡೂ ಭಾಗದ ಉತ್ತರ ತಾನಾಗಿ ಬರುತ್ತದೆ.

ಪೀಠಿಕೆ (ಮೂರು ನಾಲ್ಕು ವಾಕ್ಯ ಸಾಕು)

1336ರಲ್ಲಿ ಹರಿಹರ ಮತ್ತು ಬುಕ್ಕರು ಸ್ಥಾಪಿಸಿದ ಸಾಮ್ರಾಜ್ಯವನ್ನು ಆಡಳಿತಕ್ಕಾಗಿ ರಾಜ್ಯಗಳಾಗಿ ಭಾಗ ಮಾಡಿದ್ದರು. ಅದರ ಕೆಳಗೆ ನಾಡು, ಸೀಮೆ, ಸ್ಥಳ, ಕೊನೆಗೆ ಗ್ರಾಮ. ಹೆಸರುಗಳು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿದ್ದವು. ನಮ್ಮ ತುಳುನಾಡಿನಲ್ಲಿ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಿದ್ದವು. ಉದಾಹರಣೆಗೆ ಇವನ್ನೇ ಬರೆಯಿರಿ.

ಗ್ರಾಮಾಡಳಿತ: ಆಯಗಾರ ಪದ್ಧತಿ

ಇದೇ ಉತ್ತರದ ಮುಖ್ಯ ಭಾಗ. ಹಳ್ಳಿಯ ಕೆಲಸ ನಡೆಸಲು ಸಾಮಾನ್ಯವಾಗಿ ಹನ್ನೆರಡು ಮಂದಿ ಆಯಗಾರರು ಇದ್ದರು. ಗೌಡ ಹಳ್ಳಿಯ ಮುಖ್ಯಸ್ಥ: ಕಂದಾಯ ವಸೂಲಿಯ ಹೊಣೆ ಅವನದು, ಸಣ್ಣಪುಟ್ಟ ಜಗಳ ತೀರಿಸುವುದೂ ಅವನೇ. ಸೇನಬೋವ ಅಥವಾ ಶಾನುಭೋಗ ಲೆಕ್ಕ ಇಡುವವನು. ಯಾರ ಗದ್ದೆ ಎಲ್ಲಿಂದ ಎಲ್ಲಿಗೆ, ಎಷ್ಟು ಬಾಕಿ, ಎಲ್ಲವೂ ಅವನ ಕಡತದಲ್ಲಿ. ತಳವಾರ ಕಾವಲುಗಾರ. ನೀರುಗಂಟಿ ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು. ಇವರ ಜೊತೆಗೆ ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ, ಜೋಯಿಸ, ತೋಟಿ ಮುಂತಾದವರು. ಪಟ್ಟಿ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ಹಾಗಾಗಿ ನಿಮ್ಮ ಪುಸ್ತಕಕ್ಕೂ ಗೆಳೆಯರ ಪುಸ್ತಕಕ್ಕೂ ಒಂದೆರಡು ಹೆಸರು ವ್ಯತ್ಯಾಸ ಬಂದರೆ ಗಾಬರಿ ಬೇಡ.

ನೀರುಗಂಟಿ ಯಾರು ಎಂದು ಕ್ಲಾಸಿನಲ್ಲಿ ಹಲವರು ಕೇಳಿದಿರಿ. ಕರಾವಳಿಯಲ್ಲಿ ಮಳೆ ಜಾಸ್ತಿ, ತೋಡಿಗೆ ಕಟ್ಟ ಹಾಕಿಕೊಂಡರೆ ಸುಗ್ಗಿ ಬೆಳೆಗೆ ನೀರಾಗುತ್ತದೆ. ಬಯಲುಸೀಮೆಯಲ್ಲಿ ಹಾಗಲ್ಲ. ಅಲ್ಲಿ ಇಡೀ ಊರಿಗೆ ಒಂದೇ ಕೆರೆ. ತೂಬು ಒಂದು ದಿನ ಹೆಚ್ಚು ತೆರೆದರೆ ಕೊನೆಯ ಗದ್ದೆ ಒಣಗುತ್ತದೆ. ಆ ಊರುಗಳಲ್ಲಿ ನೀರುಗಂಟಿಯ ಮಾತಿಗೆ ಎಷ್ಟು ಬೆಲೆ ಇದ್ದಿರಬೇಕು, ಯೋಚಿಸಿ.

ಆಯಗಾರರಿಗೆ ಸಂಬಳ ಇರಲಿಲ್ಲ. ತೆರಿಗೆ ಇಲ್ಲದ ಮಾನ್ಯದ ಭೂಮಿ ಸಿಗುತ್ತಿತ್ತು. ಜೊತೆಗೆ ಸುಗ್ಗಿಯಲ್ಲಿ ರಾಶಿಯಿಂದ ಇಂತಿಷ್ಟು ಧಾನ್ಯ. ಆ ಪಾಲಿಗೇ ‘ಆಯ’ ಎಂದು ಹೆಸರು. ಆಯ ಪಡೆಯುವವನು ಆಯಗಾರ. ಈ ಒಂದು ವಾಕ್ಯ ಉತ್ತರದಲ್ಲಿ ಇರಲೇಬೇಕು. ಹುದ್ದೆ ವಂಶದಲ್ಲೇ ಮುಂದುವರಿಯುತ್ತಿತ್ತು. ಅದನ್ನು ಅಡವಿಡಬಹುದಿತ್ತು, ಮಾರಲೂಬಹುದಿತ್ತು.

ತಮಿಳು ಪ್ರದೇಶದಲ್ಲಿ ಚೋಳರ ಕಾಲದಿಂದ ಬಂದ ಊರು, ಸಭೆ ಎಂಬ ಗ್ರಾಮಸಭೆಗಳು ವಿಜಯನಗರ ಕಾಲದಲ್ಲಿ ಸೊರಗಿದವು. ಆಯಗಾರರು ಬಲವಾದದ್ದು ಅದಕ್ಕೆ ಒಂದು ಕಾರಣ. ಹಿಂದೆ ಸಭೆಯಲ್ಲಿ ಹಲವರು ಕೂತು ಮಾಡುತ್ತಿದ್ದ ತೀರ್ಮಾನ ಕೆಲವು ಮನೆತನಗಳ ಕೈಗೆ ಹೋಯಿತು. ನನ್ನ ಮಟ್ಟಿಗೆ ಇದು ಹಳ್ಳಿಯವರಿಗೆ ಆದ ನಷ್ಟವೇ.

ತುಳುನಾಡಿನಲ್ಲಿ ಚಿತ್ರ ಸ್ವಲ್ಪ ಬೇರೆ. ಇಲ್ಲಿ ಮನೆಗಳು ಒತ್ತಾಗಿರದೆ ಗದ್ದೆ, ತೋಟಗಳ ನಡುವೆ ಚದುರಿರುತ್ತವೆ. ಗುತ್ತು, ಬೀಡುಗಳ ಮನೆತನಗಳೇ ಊರಿನ ಮುಂದಾಳುಗಳು. ಬಂಗರು, ಚೌಟರು, ಅಜಿಲರು, ಕಾರ್ಕಳದ ಭೈರರಸರು ಸಾಮ್ರಾಜ್ಯದ ಅಧೀನದಲ್ಲೇ ತಮ್ಮ ಸೀಮೆ ಆಳುತ್ತಿದ್ದರು. ಬಾರಕೂರಿನಂಥ ಪಟ್ಟಣದಲ್ಲಿ ಹತ್ತು ಕೇರಿಗಳಿದ್ದವು. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ಒಂದು ಭಾನುವಾರ ಬಸ್ ಹತ್ತಿ ಹೋಗಿ ಬನ್ನಿ. ಶಾಸನದ ಕಲ್ಲುಗಳನ್ನು ಕಣ್ಣಾರೆ ನೋಡಿದರೆ ಪಾಠ ಮರೆಯುವುದಿಲ್ಲ.

ಭೂಕಂದಾಯ

ಕಂದಾಯ ಇಲಾಖೆಗೆ ಅಠವಣೆ ಎಂದು ಹೆಸರು. ಭೂಮಿಯನ್ನು ನೀರಾವರಿ, ಖುಷ್ಕಿ, ತೋಟ ಎಂದು ವಿಂಗಡಿಸಿ, ಮಣ್ಣು ಮತ್ತು ಬೆಳೆ ನೋಡಿ ಕಂದಾಯ ಕಟ್ಟುತ್ತಿದ್ದರು. ನಿಗದಿಯಾದ ಕಂದಾಯಕ್ಕೆ ಸಿದ್ಧಾಯ ಎನ್ನುತ್ತಿದ್ದರು. ಹಣದ ರೂಪದಲ್ಲೂ ಧಾನ್ಯದ ರೂಪದಲ್ಲೂ ಕಟ್ಟುವುದಿತ್ತು. ನಮ್ಮ ಕಡೆಯ ಶಾಸನಗಳಲ್ಲಿ ಅಕ್ಕಿಯ ಲೆಕ್ಕ ಮುಡಿಯಲ್ಲಿ, ಹಣದ ಲೆಕ್ಕ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣದಲ್ಲಿ ಬರುತ್ತದೆ.

ಗ್ರಾಮಗಳು ಮೂರು ಬಗೆ. ಭಂಡಾರವಾಡ ಗ್ರಾಮಗಳ ಆದಾಯ ನೇರ ಅರಸನ ಬೊಕ್ಕಸಕ್ಕೆ. ಅಮರ ಗ್ರಾಮಗಳದ್ದು ನಾಯಕರಿಗೆ, ಅವರು ಅದರಿಂದ ಸೈನ್ಯ ಸಾಕಬೇಕು. ಮಾನ್ಯ ಗ್ರಾಮಗಳದ್ದು ದೇವಸ್ಥಾನ, ಮಠ, ಬ್ರಾಹ್ಮಣರಿಗೆ. ಸಂಖ್ಯೆಯಲ್ಲಿ ಅಮರ ಗ್ರಾಮಗಳೇ ಜಾಸ್ತಿ.

ಈಗ ನಮ್ಮ ರಾಶಿಗೆ ಬರೋಣ. 1799ರಲ್ಲಿ ಕೆನರಾದ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹಳೆಯ ಲೆಕ್ಕಗಳನ್ನು ನೋಡಿ, ಹರಿಹರರಾಯನ ಕಾಲದ ಪದ್ಧತಿಯ ಬಗ್ಗೆ ಬರೆದ. ಆಗಿನ ಇಂಗ್ಲಿಷ್ ಅಧಿಕಾರಿಗಳು ದಾಖಲಿಸಿದ ಪ್ರಕಾರ ಬೆಳೆ 30 ಪಾಲಾದರೆ ಹಂಚಿಕೆ ಹೀಗೆ: ಉತ್ತು ಬಿತ್ತಿದವನಿಗೆ 15, ಭೂಮಿಯ ಒಡೆಯನಿಗೆ 7½, ಅರಸನಿಗೆ 5, ಬ್ರಾಹ್ಮಣರಿಗೆ 1½, ದೇವರಿಗೆ 1. ಕೂಡಿಸಿ ನೋಡಿ, 30 ಆಗುತ್ತದೆ. ಅರಸನ 5 ಎಂದರೆ ಆರನೇ ಒಂದು ಪಾಲು, ಧರ್ಮಶಾಸ್ತ್ರ ಹೇಳುವ ಷಡ್ಭಾಗ. ಆದರೆ ದೇವರ ಪಾಲು, ಬ್ರಾಹ್ಮಣರ ಪಾಲು ಕೂಡ ಸರ್ಕಾರದ ಮೂಲಕವೇ ಹೋಗುತ್ತಿತ್ತು. ಅಲ್ಲಿಗೆ ಸರ್ಕಾರ ಎತ್ತುತ್ತಿದ್ದದ್ದು 7½, ಅಂದರೆ ಕಾಲು ಪಾಲು. ‘ಆರನೇ ಒಂದು’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಈ ವ್ಯತ್ಯಾಸ ತೋರಿಸಿದವರ ಉತ್ತರ ಬೇರೆಯಾಗಿ ಕಾಣುತ್ತದೆ.

ಇದು ಪುಸ್ತಕದ ಲೆಕ್ಕ. ಎಲ್ಲ ಕಡೆ ಇದೇ ದರ ಇತ್ತು ಎಂದು ಬರೆದರೆ ತಪ್ಪು. ಭೂಕಂದಾಯದ ಮೇಲೆ ಮನೆ, ಮಗ್ಗ, ಗಾಣಗಳ ತೆರಿಗೆ, ಸುಂಕ, ಕಾಣಿಕೆ ಬೇರೆ. ಮದುವೆಗೂ ತೆರಿಗೆ ಇತ್ತು, ಕೃಷ್ಣದೇವರಾಯನ ಕಾಲದಲ್ಲಿ ಅದನ್ನು ಬಿಟ್ಟುಕೊಟ್ಟರು.

ರೈತನ ಮೇಲಿನ ಹೊರೆ

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ ನಾಯಕರ ಆದಾಯ 120 ಲಕ್ಷ ಪರ್ದಾವ್ ಎಂಬ ಚಿನ್ನದ ನಾಣ್ಯ. ಅದರಲ್ಲಿ 60 ಲಕ್ಷ ಅರಸನಿಗೆ. ರೈತರು ಬೆಳೆಯ ಹತ್ತರಲ್ಲಿ ಒಂಬತ್ತು ಪಾಲು ಒಡೆಯರಿಗೆ ಕೊಡುತ್ತಿದ್ದರು ಎಂದೂ ಬರೆದಿದ್ದಾನೆ. ಒಂಬತ್ತು ಪಾಲು ಕೊಟ್ಟ ರೈತ ಮುಂದಿನ ವರ್ಷ ಬಿತ್ತುವುದಾದರೂ ಏನನ್ನು, ಅಲ್ವಾ? ಅದು ಉತ್ಪ್ರೇಕ್ಷೆ ಎಂದೇ ಬರೆಯಿರಿ. ಹಾಗಂತ ಹೊರೆ ಇರಲಿಲ್ಲ ಎಂದಲ್ಲ. ಎರಡನೇ ದೇವರಾಯನ ಕಾಲದಲ್ಲಿ, 1429ರಲ್ಲಿ, ತಮಿಳು ಪ್ರದೇಶದ ವಲಂಗೈ ಮತ್ತು ಇಡಂಗೈ, ಅಂದರೆ ಬಲಗೈ ಮತ್ತು ಎಡಗೈ ಎಂಬ ಜಾತಿ ಗುಂಪಿನವರು ತಮ್ಮ ಹಳೆಯ ಜಗಳ ಬಿಟ್ಟು, ಅಧಿಕಾರಿಗಳ ಹಾಗೂ ಭೂಒಡೆಯರ ವಸೂಲಿಯ ವಿರುದ್ಧ ಒಟ್ಟಾಗಿ ನಿಂತರು. ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಎಂದು ಶಾಸನ ಹಾಕಿಸಿದರು. ರೈತರೇ ಮಾತಾಡಿರುವ ಸಾಕ್ಷಿ ನಮಗೆ ಸಿಗುವುದು ಬಹಳ ಅಪರೂಪ. ಒಂದು ಪ್ಯಾರಾ ಇದಕ್ಕೆ ಇಡಿ.

ಸರ್ಕಾರ ಕೃಷಿಗೆ ನೆರವನ್ನೂ ಕೊಟ್ಟಿತು. ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆ ದುರಸ್ತಿ ಮಾಡಿದವರಿಗೆ ಕಟ್ಟುಕೊಡಗೆ, ದಶವಂದ ಎಂದು ಭೂಮಿ ಬಿಡುತ್ತಿದ್ದರು.

ಐದು ಅಂಕಕ್ಕೆ ಕೇಳಿದರೆ ಪೀಠಿಕೆ ಬಿಡಿ. ಆಯ ಪದದ ಅರ್ಥ, ಗೌಡ, ಶಾನುಭೋಗ, ತಳವಾರ, ನೀರುಗಂಟಿ ಈ ನಾಲ್ವರ ಕೆಲಸ, ಮೂರು ಬಗೆಯ ಗ್ರಾಮ, 30 ಪಾಲಿನ ಲೆಕ್ಕ, 1429ರ ಶಾಸನ. ಮುಂದಿನ ವಾರ ಕೆಳದಿಯ ಶಿವಪ್ಪನಾಯಕನ ಶಿಸ್ತು ಎಂಬ ಭೂಕಂದಾಯ ಪದ್ಧತಿ ಓದುತ್ತೇವೆ. ಈ ಹಂಚಿಕೆಯ ಹಾಳೆಯನ್ನು ಅಂದು ತಂದಿರಿ.